ಅಣ್ಣನ ಫೇಸ್‌ಬುಕ್ ಖಾತೆ ಕಲಿಸಿದ ಪಾಠಗಳು

ಅಣ್ಣ ತೀರಿಕೊಂಡು ಐದು ತಿಂಗಳಾಗಿತ್ತು. ಅಂದು ಅವನ ಹುಟ್ಟುಹಬ್ಬವೆಂದು ಫೇಸ್‌ಬುಕ್ ಎಲ್ಲರಿಗೂ ನೆನಪಿಸಿತು. ಸುದ್ದಿ ತಿಳಿಯದ ಹಳೆಯ ಗೆಳೆಯರು ‘ನೂರು ಕಾಲ ಬಾಳು’ ಎಂದು ಹಾರೈಸಿದರು. ಓದಿ ಅತ್ತಿಗೆ ಕಣ್ಣೀರಿಟ್ಟರು. ಆ ಸಂಜೆಯೇ ನಾನು ಅವನ ಖಾತೆಯ ವಿಲೇವಾರಿಗೆ ಕೂತೆ. ಆಮೇಲೆ ನೆಂಟರ ಮನೆಯ ಕೆಲವು ಖಾತೆಗಳಿಗೂ ಅರ್ಜಿ ಹಾಕಿಕೊಟ್ಟಿದ್ದೇನೆ.

1. ಅಳಿಸಲು ಅವಸರ ಬೇಡ.
ಅತ್ತಿಗೆ ಮೊದಲು ‘ಅಳಿಸಿಬಿಡಿ’ ಎಂದರು. ಅಳಿಸಿದರೆ ಫೋಟೊ, ಬರಹ ಯಾವುದೂ ಮರಳಿ ಸಿಗುವುದಿಲ್ಲ. ಸ್ಮರಣೆಯ ಖಾತೆಯಾಗಿ ಬದಲಿಸಿದರೆ ಹೆಸರಿನ ಜೊತೆ Remembering ಎಂದು ಕಾಣುತ್ತದೆ, ಹಳೆಯದೆಲ್ಲ ಉಳಿಯುತ್ತದೆ, ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ. ಬೇಕೆನಿಸಿದರೆ ಮುಂದೆಯೂ ಅಳಿಸಲು ಕೇಳಬಹುದು. ಆದರೆ ಒಮ್ಮೆ ಬದಲಾದ ಖಾತೆಗೆ ಪಾಸ್‌ವರ್ಡ್ ಗೊತ್ತಿದ್ದರೂ ಯಾರೂ ಒಳಹೋಗಲಾಗದು.

2. ದಾಖಲೆಯಲ್ಲಿ ಹೆಸರು ಹೊಂದಬೇಕು.
ಸ್ಮರಣೆಯ ಖಾತೆಗಾಗಿ ಗೆಳೆಯರೂ ಕೇಳಬಹುದು. ಪ್ರೊಫೈಲ್‌ನ ಲಿಂಕ್, ತೀರಿಕೊಂಡ ದಿನಾಂಕ, ಸಾವಿನ ಪುರಾವೆ ಕೊಡಬೇಕು. ಅಳಿಸಲು ಕೇಳುವ ಹಕ್ಕು ಹತ್ತಿರದ ಬಂಧುಗಳಿಗೆ ಅಥವಾ ಉಯಿಲು ಜಾರಿ ಮಾಡುವವರಿಗೆ ಮಾತ್ರ. ಅದಕ್ಕೆ ಮರಣ ಪ್ರಮಾಣಪತ್ರವೇ ಸಲೀಸು. ಅದಿಲ್ಲದಿದ್ದರೆ ಎರಡು ಕಾಗದ ಬೇಕು: ಸಂಬಂಧ ಅಥವಾ ಅಧಿಕಾರ ತೋರಿಸುವ ಜನನ ಪ್ರಮಾಣಪತ್ರ, ಉಯಿಲಿನಂಥದ್ದು ಒಂದು; ಸಾವನ್ನು ತಿಳಿಸುವ ನಿಧನವಾರ್ತೆಯಂಥದ್ದು ಇನ್ನೊಂದು.
ನಮ್ಮ ತೊಡಕು ಹೆಸರಿನಲ್ಲಿತ್ತು. ಪ್ರಮಾಣಪತ್ರದಲ್ಲಿ ಶಾಲೆಯ ಹೆಸರು, ಫೇಸ್‌ಬುಕ್‌ನಲ್ಲಿ ಊರಿನ ಹೆಸರು ಸೇರಿದ ಕರೆಯುವ ಹೆಸರು. ಸ್ಮರಣೆಯ ಖಾತೆಗಾಗಿ ಹಾಕಿದ ಮೊದಲ ಅರ್ಜಿ ತಿರಸ್ಕೃತವಾಯಿತು. ಪತ್ರಿಕೆಯ ಶ್ರದ್ಧಾಂಜಲಿ ಪ್ರಕಟಣೆಯಲ್ಲಿ ಎರಡೂ ಹೆಸರು, ತೀರಿಕೊಂಡ ದಿನಾಂಕ ಇದ್ದವು. ಅದನ್ನೂ ಸೇರಿಸಿ ಕಳಿಸಿದ ಮೇಲೆ ಕೆಲಸವಾಯಿತು. ಅಂದಿನಿಂದ ಶ್ರದ್ಧಾಂಜಲಿಯಲ್ಲಿ ಎರಡೂ ಹೆಸರು ಹಾಕಿಸಿ ಎನ್ನುತ್ತೇನೆ. ಕಳಿಸುವ ಪ್ರತಿಯಲ್ಲಿ ಆಧಾರ್ ಸಂಖ್ಯೆಯಂಥ ಬೇಡದ ವಿವರಗಳನ್ನು ಮುಚ್ಚಬಹುದು.

3. ಪುಟಗಳನ್ನು ಮೊದಲು ನೋಡಿ.
ಇದನ್ನು ತಡವಾಗಿ ಕಲಿತೆ. ಊರಿನ ಯಕ್ಷಗಾನ ಸಂಘದ ಪುಟವನ್ನು ಅಣ್ಣನೊಬ್ಬನೇ ನೋಡಿಕೊಳ್ಳುತ್ತಿದ್ದ. ಒಬ್ಬನೇ ಅಡ್ಮಿನ್ ಇರುವ ಪುಟ, ಅವನ ಖಾತೆ ಸ್ಮರಣೆಯದಾದಾಗ ತೆಗೆದುಹಾಕಲ್ಪಡುತ್ತದೆ. ಆಟದ ಫೋಟೊಗಳೆಲ್ಲ ಹೋದವು. ಈಗ ಅರ್ಜಿಗೆ ಮುಂಚೆ ಅಂಥ ಪುಟದ ಫೋಟೊ, ವಿಡಿಯೊ ಇಳಿಸಿಟ್ಟುಕೊಳ್ಳುತ್ತೇನೆ.

4. ಸಿಮ್ ಕೊನೆಗೆ ನಿಲ್ಲಿಸಿ.
ಬ್ಯಾಂಕು, ಇಮೇಲ್ ಮೊದಲಾದವುಗಳ ಒಟಿಪಿ ಅದೇ ನಂಬರಿಗೆ ಬರುತ್ತದೆ. ನಿಂತ ನಂಬರು ಕೆಲವು ತಿಂಗಳಲ್ಲಿ ಬೇರೆಯವರ ಪಾಲಾಗಬಹುದು. ಎಲ್ಲ ಖಾತೆಗಳ ಕೆಲಸ ಮುಗಿಯುವ ತನಕ ರೀಚಾರ್ಜ್ ಮಾಡಿಸಿ.

5. ಬದುಕಿರುವಾಗಲೇ ಒಬ್ಬರನ್ನು ನೇಮಿಸಿ.
ಫೇಸ್‌ಬುಕ್‌ನ Memorialization ಸೆಟ್ಟಿಂಗ್‌ನಲ್ಲಿ Legacy contact ಆಗಿ ಒಬ್ಬರನ್ನು ಆರಿಸಬಹುದು. ಅವರು ಪ್ರೊಫೈಲ್ ಫೋಟೊ ಬದಲಿಸಬಲ್ಲರು, ಶ್ರದ್ಧಾಂಜಲಿಯ ಬರಹ ಹಾಕಬಲ್ಲರು, ಖಾತೆ ಅಳಿಸಲು ಕೇಳಬಲ್ಲರು. ನಿಮ್ಮ ಖಾಸಗಿ ಮೆಸೇಜುಗಳನ್ನು ಮಾತ್ರ ಓದಲಾರರು. ಸತ್ತ ಮೇಲೆ ಖಾತೆಯೇ ಬೇಡವೆನ್ನುವವರು ಅದನ್ನೂ ಅಲ್ಲೇ ಗುರುತಿಸಿಡಬಹುದು.

ಅಣ್ಣ ಇದ್ಯಾವುದನ್ನೂ ಮಾಡಿರಲಿಲ್ಲ. ನೀವು ಇಂದೇ ಒಬ್ಬರನ್ನು ಆರಿಸಿ, ನೀವು ನಡೆಸುವ ಪುಟಕ್ಕೆ ಇನ್ನೊಬ್ಬ ಅಡ್ಮಿನ್‌ನನ್ನು ಸೇರಿಸಿ.