ಸೆಲ್ಫಿ ಫ್ಲಿಪ್ ಮಾಡಿದರೆ ಮುಖ ಯಾಕೆ ಸೊಟ್ಟ ಕಾಣುತ್ತೆ?

ಫ್ರಂಟ್ ಕ್ಯಾಮೆರಾ ಆನ್ ಮಾಡಿದಾಗ ಸ್ಕ್ರೀನ್ ಮೇಲೆ ಕಾಣೋದು ಕನ್ನಡಿಯಲ್ಲಿ ಕಾಣುವಂಥ ಮುಖ. ನೀವು ಬಲಗೈ ಎತ್ತಿದರೆ ಸ್ಕ್ರೀನಿನ ಬಲಗಡೆಯೇ ಕೈ ಏಳುತ್ತೆ. ಫೋನ್ ಇದನ್ನು ಬೇಕಂತಲೇ ಮಾಡುತ್ತೆ. ಹಾಗೆ ಮಾಡದಿದ್ದರೆ ಹಣೆ ಮೇಲಿನ ಕೂದಲು ಸರಿಮಾಡಿಕೊಳ್ಳೋಕೆ ಹೋದಾಗ ಕೈ ಯಾವ ಕಡೆ ಹೋಗಬೇಕು ಅನ್ನೋದೇ ಗೊಂದಲವಾಗುತ್ತೆ.

ಆದರೆ ಫೋಟೋ ಸೇವ್ ಆಗುವಾಗ ಎಲ್ಲ ಫೋನ್‌ಗಳೂ ಒಂದೇ ರೀತಿ ನಡೆದುಕೊಳ್ಳಲ್ಲ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ `Mirror Front Camera` ಅಂತ ಒಂದು ಸ್ವಿಚ್ ಇದೆ. ಅದು ಆಫ್ ಇದ್ದರೆ ಫೋಟೋ ನಿಜವಾದ ದಿಕ್ಕಿನಲ್ಲಿ ಸೇವ್ ಆಗುತ್ತೆ, ಆನ್ ಇದ್ದರೆ ಕನ್ನಡಿಯಲ್ಲಿ ಕಂಡ ಹಾಗೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಇದೇ ಕೆಲಸಕ್ಕೆ `Save selfies as previewed` ಅನ್ನೋ ಆಯ್ಕೆ ಇದೆ. ಇನ್‌ಸ್ಟಾಲ್ ಮಾಡಿದ ಬೇರೆ ಆ್ಯಪ್‌ನಲ್ಲಿ ತೆಗೆದರೆ ಅದರ ಲೆಕ್ಕವೇ ಬೇರೆ.

ನನ್ನ ಫೋಟೋ ಯಾವ ಥರದ್ದು?

ಬ್ಯಾಕ್‌ಗ್ರೌಂಡ್‌ನಲ್ಲಿ ಬೋರ್ಡು ಅಥವಾ ಟೀ-ಶರ್ಟ್ ಮೇಲೆ ಅಕ್ಷರ ಇದ್ದರೆ ಸುಲಭ, ಓದಿ ನೋಡಿದರೆ ಆಯ್ತು. ಅಕ್ಷರವೇ ಇಲ್ಲ ಅಂದರೆ ಶರ್ಟಿನ ಜೇಬು ನೋಡಿ. ಸಾಮಾನ್ಯವಾಗಿ ಜೇಬು ಹಾಕಿಕೊಂಡವರ ಎದೆಯ ಎಡಗಡೆ ಇರುತ್ತೆ. ನಿಜವಾದ ಫೋಟೋದಲ್ಲಿ ನೀವು ನೋಡುವವರ ಎದುರು ನಿಂತ ಹಾಗೆ ಇರುತ್ತೀರಿ, ಆದ್ದರಿಂದ ಜೇಬು ಚಿತ್ರದ ಬಲಗಡೆ ಬರಬೇಕು. ಎಡಗಡೆ ಬಂದಿದ್ದರೆ ಅದು ಕನ್ನಡಿ ಫೋಟೋ.

ಇದು ಬರೀ ಕುತೂಹಲದ ವಿಷಯ ಅಲ್ಲ. ಕೆಲವು ಅರ್ಜಿಗಳಲ್ಲಿ ಗುರುತಿನ ಚಿಹ್ನೆ ಕೇಳುತ್ತಾರೆ, ನಾವು 'ಎಡಗೆನ್ನೆ ಮೇಲೆ ಮಚ್ಚೆ' ಅಂತ ಬರೆಯುತ್ತೇವೆ. ಅದರ ಜೊತೆ ಕನ್ನಡಿ ಸೆಲ್ಫಿ ಅಂಟಿಸಿದರೆ ಮಚ್ಚೆ ಬಲಗೆನ್ನೆಗೆ ಹೋಗಿರುತ್ತೆ. ಅಂಥ ಫೋಟೋವನ್ನು ಮೊದಲು ಸರಿಮಾಡಲೇಬೇಕು.

ತಿರುಗಿಸೋದು ಹೇಗೆ?

ಫೋನಿನ ಗ್ಯಾಲರಿಯಲ್ಲಿ ಎಡಿಟ್‌ಗೆ ಹೋಗಿ ಕ್ರಾಪ್ ಒತ್ತಿದರೆ ಫ್ಲಿಪ್ ಐಕಾನ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತೆ. ಪಕ್ಕದಲ್ಲಿ ರೊಟೇಟ್ ಐಕಾನ್ ಕೂಡ ಇರುತ್ತೆ, ಅದು ಬೇರೆ. ಫೋಟೋವನ್ನು ಎಷ್ಟೇ ಡಿಗ್ರಿ ರೊಟೇಟ್ ಮಾಡಿದರೂ ಉಲ್ಟಾ ಅಕ್ಷರ ನೆಟ್ಟಗಾಗಲ್ಲ, ತಲೆಕೆಳಗಾಗುತ್ತೆ ಅಷ್ಟೇ.

ಫ್ಲಿಪ್‌ನ ಗಣಿತ ಒಂದೇ ಸಾಲು. ಚಿತ್ರದ ಅಗಲ W ಪಿಕ್ಸೆಲ್ ಇದ್ದರೆ x ಅನ್ನೋ ಕಾಲಮ್‌ನಲ್ಲಿ ಇದ್ದದ್ದು x' = W − 1 − x ಅನ್ನೋ ಕಾಲಮ್‌ಗೆ ಹೋಗುತ್ತೆ. ಮೇಲೆ-ಕೆಳಗೆ ಏನೂ ಬದಲಾಗಲ್ಲ. ಪೈಥಾನ್‌ನಲ್ಲಿ ಮಾಡೋರಿಗೆ ಪಿಲ್ಲೋ ಲೈಬ್ರರಿ ಸಾಕು:

```python
from PIL import Image, ImageOps

im = Image.open("selfie.jpg")
im = ImageOps.exif_transpose(im)
im = ImageOps.mirror(im)
im.save("selfie_true.jpg", quality=95)
```

ಇಲ್ಲಿ ಮೂರನೇ ಸಾಲನ್ನು (ಖಾಲಿ ಸಾಲು ಬಿಟ್ಟು ಎಣಿಸಿ) ಬಹಳ ಜನ ಬಿಟ್ಟುಬಿಡುತ್ತಾರೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೋ ಎಷ್ಟೋ ಸಲ ಫೈಲ್ ಒಳಗೆ ಅಡ್ಡ ಮಲಗಿರುತ್ತೆ. 'ತೋರಿಸುವಾಗ 90 ಡಿಗ್ರಿ ತಿರುಗಿಸು' ಅನ್ನೋ ಸೂಚನೆ ಮಾತ್ರ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತೆ. ಆ ಸೂಚನೆ ಪಾಲಿಸದೆ ಫ್ಲಿಪ್ ಮಾಡಿದರೆ ನಿಮ್ಮ ಎಡ-ಬಲದ ಬದಲು ತಲೆ-ಗದ್ದ ಅದಲುಬದಲಾಗುತ್ತೆ. ಔಟ್‌ಪುಟ್‌ನಲ್ಲಿ ಮುಖ ಅಡ್ಡ ಅಥವಾ ತಲೆಕೆಳಗೆ ಕಂಡರೆ ಕಾರಣ ಇದೇ ಅಂತ ತಿಳಿಯಿರಿ.

ಹಾಗಾದರೆ ಮುಖಕ್ಕೆ ಏನಾಯ್ತು?

ಫ್ಲಿಪ್ ಆದಮೇಲೆ ಮುಖದಲ್ಲಿ ಯಾವ ಉದ್ದವೂ ಬದಲಾಗಿಲ್ಲ, ಯಾವ ಪಿಕ್ಸೆಲ್ಲೂ ಕಳೆದುಹೋಗಿಲ್ಲ. ಆದರೂ 'ಅಯ್ಯೋ, ನನ್ನ ಮುಖ ಇಷ್ಟು ಸೊಟ್ಟನಾ!' ಅನಿಸುತ್ತೆ. ಒಂದು ಲೆಕ್ಕ ಮಾಡಿ ನೋಡೋಣ.

ಫೋಟೋ ಅಗಲ 3000 ಪಿಕ್ಸೆಲ್. ಮುಖದ ಅಗಲ 14 ಸೆಂಟಿಮೀಟರ್, ಅದು ಚಿತ್ರದಲ್ಲಿ 1400 ಪಿಕ್ಸೆಲ್ ಆಗಿದೆ ಅಂದುಕೊಳ್ಳಿ. ಅಂದರೆ 1 ಮಿಲಿಮೀಟರ್‌ಗೆ 10 ಪಿಕ್ಸೆಲ್. ಮುಖದ ನಡುಗೆರೆ 1500ನೇ ಕಾಲಮ್‌ನಲ್ಲಿದೆ. ಮೂಗಿನ ತುದಿ ನಡುಗೆರೆಯಿಂದ 2 ಮಿಲಿಮೀಟರ್ ಬಲಕ್ಕೆ ವಾಲಿದೆ, ಅಂದರೆ 1520ರಲ್ಲಿದೆ. ಫ್ಲಿಪ್ ಮಾಡಿದಾಗ ನಡುಗೆರೆ 1499ಕ್ಕೆ ಬರುತ್ತೆ, ಮೂಗಿನ ತುದಿ 1479ಕ್ಕೆ. ಈಗ ಅದು ನಡುಗೆರೆಯಿಂದ 20 ಪಿಕ್ಸೆಲ್ ಎಡಕ್ಕೆ ಇದೆ. ಮೊದಲು +20, ಈಗ −20. ವ್ಯತ್ಯಾಸ 40 ಪಿಕ್ಸೆಲ್, ಅಂದರೆ 4 ಮಿಲಿಮೀಟರ್.

ವಾಲಿರೋದು 2 ಮಿಲಿಮೀಟರ್ ಮಾತ್ರ, ನಿಮ್ಮ ಕಣ್ಣಿಗೆ ಬೀಳೋ ಬದಲಾವಣೆ 4. ಯಾಕಂದರೆ ನೀವು ಹೊಸ ಚಿತ್ರವನ್ನು ನೇರವಾದ ಮುಖದ ಜೊತೆ ಹೋಲಿಸ್ತಿಲ್ಲ, ದಿನಾ ಕನ್ನಡಿಯಲ್ಲಿ ನೋಡಿ ಮನಸ್ಸಲ್ಲಿ ಕೂತಿರೋ ಮುಖದ ಜೊತೆ ಹೋಲಿಸ್ತಿದ್ದೀರಿ. ಆ ಮುಖದಲ್ಲಿರೋ +20 ನಿಮಗೆ ಸೊನ್ನೆ ಅನ್ನೋ ಹಾಗೆ ಒಗ್ಗಿಹೋಗಿದೆ. ಸ್ವಲ್ಪ ಮೇಲಿರೋ ಹುಬ್ಬು, ಒಂದು ಕಡೆ ಹೆಚ್ಚು ಏಳುವ ನಗು, ಕೂದಲಿನ ಬೈತಲೆ ಎಲ್ಲಕ್ಕೂ ಇದೇ ಲೆಕ್ಕ. ಎಲ್ಲವೂ ಒಟ್ಟಿಗೆ ಪಕ್ಕ ಬದಲಿಸೋದರಿಂದ ಮುಖವೇ ಬೇರೆಯವರದ್ದು ಅನಿಸುತ್ತೆ.

ನಿಮ್ಮ ರೂಮ್‌ಮೇಟ್ ವಿಷಯ ಉಲ್ಟಾ. ಅವನು ದಿನಾ ನೋಡಿರೋದು ನಿಮ್ಮ ನಿಜವಾದ ದಿಕ್ಕಿನ ಮುಖ. ಸರಿಯಾದ ಫೋಟೋ ಅವನಿಗೆ ಮಾಮೂಲಿ, ನಿಮಗೆ ಚಂದ ಕಾಣೋ ಕನ್ನಡಿ ಸೆಲ್ಫಿಯೇ ಅವನಿಗೆ ಏನೋ ಸರಿ ಇಲ್ಲ ಅನಿಸಬಹುದು. ಇದನ್ನು 1977ರಲ್ಲಿ ಅಮೆರಿಕದಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಅನ್ನೋ ಸಂಶೋಧಕರು ಪರೀಕ್ಷೆ ಮಾಡಿದ್ದರು. ವಿದ್ಯಾರ್ಥಿನಿಯರ ಒಂದೇ ಫೋಟೋವನ್ನು ಎರಡೂ ದಿಕ್ಕಿನಲ್ಲಿ ಪ್ರಿಂಟ್ ಹಾಕಿ, ಅವರಿಗೂ ಅವರ ಆಪ್ತರಿಗೂ ತೋರಿಸಿ, ಯಾವುದು ಇಷ್ಟ ಅಂತ ಕೇಳಿದರು. ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿ ಚಿತ್ರವನ್ನೇ ಆರಿಸಿದರು, ಆಪ್ತರು ಹೆಚ್ಚಾಗಿ ನಿಜವಾದ ಚಿತ್ರವನ್ನು. ಹೆಚ್ಚು ಸಲ ನೋಡಿದ್ದು ಹೆಚ್ಚು ಇಷ್ಟವಾಗುತ್ತೆ ಅಂತ 1968ರಲ್ಲಿ ಝಾಯೊಂಟ್ಸ್ ಹೇಳಿದ್ದಕ್ಕೆ ಇದು ಹೊಂದುತ್ತೆ.

ಹಾಗಾಗಿ 'ಫ್ಲಿಪ್ ಮಾಡಿದಾಗ ಕಾಣೋ ಸೊಟ್ಟ ಮುಖವನ್ನೇ ಜನ ನೋಡ್ತಾರೆ' ಅನ್ನೋ ಮಾತು ಅರ್ಧ ಮಾತ್ರ ನಿಜ. ಆ ದಿಕ್ಕಿನ ಮುಖವನ್ನು ಅವರು ನೋಡ್ತಾರೆ, ನಿಜ. ಆದರೆ ಆ 4 ಮಿಲಿಮೀಟರ್ ಅವರಿಗೆ ಕಾಣಲ್ಲ. ಅದು ಇರೋದು ನಿಮ್ಮ ಹೋಲಿಕೆಯಲ್ಲಿ.

ಫ್ಲಿಪ್‌ಗೆ ಆಗದ ಕೆಲಸ

ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಾಣೋದು ಬೇರೆ ಸಮಸ್ಯೆ. ಅದಕ್ಕೆ ಕಾರಣ ದೂರ. ಕ್ಯಾಮೆರಾದಿಂದ ಮೂಗಿನ ತುದಿ 30 ಸೆಂಟಿಮೀಟರ್ ದೂರ, ಕಿವಿ ಅದಕ್ಕಿಂತ 12 ಸೆಂಟಿಮೀಟರ್ ಹಿಂದೆ ಇದ್ದರೆ, ಕಿವಿಗೆ ಹೋಲಿಸಿದಾಗ ಮೂಗು 42/30, ಅಂದರೆ 1.4 ಪಟ್ಟು ಹಿಗ್ಗಿ ಕಾಣುತ್ತೆ. ಒಂದೂವರೆ ಮೀಟರ್ ದೂರದಿಂದ ತೆಗೆದರೆ ಅದೇ ಲೆಕ್ಕ 162/150, ಬರೀ 1.08. ಇದನ್ನು ಯಾವ ಫ್ಲಿಪ್ಪೂ ಸರಿಮಾಡಲ್ಲ.

ಆದ್ದರಿಂದ ರೆಸ್ಯೂಮೆಗೋ ಅರ್ಜಿಗೋ ಫೋಟೋ ಬೇಕಿದ್ದರೆ ಫ್ರೆಂಡ್ ಕೈಗೆ ಫೋನ್ ಕೊಟ್ಟು, ಹಿಂದಿನ ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆಸಿ. ದಿಕ್ಕೂ ಸರಿ ಇರುತ್ತೆ, ಮೂಗೂ ಸರಿ ಇರುತ್ತೆ. ಐದಾರು ತೆಗೆಸಿಕೊಂಡರೆ, ಅದರಲ್ಲಿ ಯಾವುದು ಇಡೋದು ಅನ್ನೋದನ್ನ ಫ್ರೆಂಡೇ ಹೇಳಲಿ. ಆ ದಿಕ್ಕಿನ ನಿಮ್ಮ ಮುಖ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.