ಜಾತ್ರೆಗೆ ಯಾರಿಗೆ ರಜೆ? ಸಣ್ಣ ಕಂಪನಿಯ ರಜಾ ನಿಯಮಕ್ಕೆ ಆರು ಸೂತ್ರಗಳು

ರಥಸಪ್ತಮಿ ಹತ್ತಿರ ಬಂತೆಂದರೆ ಹೇಮಗಿರಿಯ ಜಾತ್ರೆ. ಕೆ.ಆರ್. ಪೇಟೆಯಲ್ಲಿ ಹನಿ ನೀರಾವರಿ ಪೈಪು, ಪಂಪ್‌ಸೆಟ್ ಮಾರಿ ಸರ್ವಿಸ್ ಕೊಡುವ ಹನ್ನೆರಡು ಜನರ ಕಂಪನಿ ಇದೆ ಎಂದುಕೊಳ್ಳಿ. ಜಾತ್ರೆಯ ದಿನಗಳಿಗೆ ಒಂಬತ್ತು ಮಂದಿ ರಜೆ ಕೇಳುತ್ತಾರೆ. ಮಾಲೀಕರು ತೋಚಿದಂತೆ ಇಬ್ಬರಿಗೆ ಕೊಟ್ಟರೆ ಉಳಿದವರ ಮುನಿಸು ಯುಗಾದಿವರೆಗೂ ಹೋಗುವುದಿಲ್ಲ. ಇಂಥ ದಿನಗಳನ್ನು ಕಣ್ಮುಂದೆ ಇಟ್ಟುಕೊಂಡೇ ರಜಾ ನಿಯಮ ಬರೆಯಬೇಕು.

1. ಮೊದಲು ಕಾನೂನಿನ ತಳಪಾಯ ಹಾಕಿ. ಅಂಗಡಿ, ಕಚೇರಿಗಳಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ ಪ್ರಕಾರ 20 ದಿನ ದುಡಿದರೆ 1 ದಿನ ಗಳಿಕೆ ರಜೆ. ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ. ಸಣ್ಣ ಕಂಪನಿಗೆ ಈ ಎರಡು ಬಗೆ, ಜೊತೆಗೆ ಸಾವಿನ ರಜೆ ಸಾಕು, ಏಳೆಂಟು ಹೆಸರಿನ ರಜೆ ಸೃಷ್ಟಿಸಿದರೆ ಲೆಕ್ಕ ಇಡುವವರೇ ಸುಸ್ತಾಗುತ್ತಾರೆ. ಹೆರಿಗೆ ರಜೆಗೆ ಬೇರೆ ಕಾನೂನಿದೆ, ಅದನ್ನು ಇದರೊಳಗೆ ಬೆರೆಸಬೇಡಿ. ಕಾಯ್ದೆ ಕೊಟ್ಟದ್ದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ.

2. ವರ್ಷದ ಮೊದಲೇ ಪಂಚಾಂಗ ತೆಗೆದು ಕೂರಿ. ಹೇಮಗಿರಿ ಜಾತ್ರೆ, ಮೇಲುಕೋಟೆಯ ವೈರಮುಡಿ, ಗೌರಿ-ಗಣೇಶ, ಶ್ರೀರಂಗಪಟ್ಟಣದ ದಸರಾ, ಎಲ್ಲವೂ ಪಂಚಾಂಗದ ಪ್ರಕಾರ ನಡೆಯುವುದರಿಂದ ತಾರೀಖು ಪ್ರತಿವರ್ಷ ಬದಲಾಗುತ್ತದೆ. ಇವನ್ನು 'ಒತ್ತಡದ ದಿನಗಳು' ಎಂದು ಗುರುತಿಸಿ ಗೋಡೆಗೆ ಅಂಟಿಸಿ. ಆ ದಿನಗಳಿಗೆ 15 ದಿನ ಮುಂಚೆ ಅರ್ಜಿ ಕೊಡಬೇಕು, ಒಮ್ಮೆಗೆ ನಾಲ್ವರಿಗೆ ಮಾತ್ರ ರಜೆ, ಸರ್ವಿಸ್ ಹುಡುಗರಲ್ಲಿ ಕನಿಷ್ಠ ಇಬ್ಬರು ಡ್ಯೂಟಿಯಲ್ಲಿರಬೇಕು ಎಂದು ಬರೆಯಿರಿ. ಹೋದ ವರ್ಷ ಸಿಗದವರಿಗೆ ಈ ಸಲ ಮೊದಲ ಸರದಿ. ಹಳಬರಿಗೇ ಮೊದಲು ಎಂಬ ಪದ್ಧತಿ ನನಗೆ ಸರಿಕಾಣದು. ಅದರಿಂದ ಹೊಸ ಹುಡುಗರಿಗೆ ಜಾತ್ರೆ ಎಂದೂ ಸಿಗುವುದಿಲ್ಲ.

3. ಒಪ್ಪಿಗೆಯ ದಾರಿ ಒಂದೇ ಹೆಜ್ಜೆಯದಾಗಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೂ ಅರ್ಜಿಯೇ. ಆದರೆ ಅದು ಒಬ್ಬರಿಗೇ ಹೋಗಬೇಕು, ಅವರು ಅದೇ ದಿನ ರಜಾ ಪುಸ್ತಕಕ್ಕೆ ಏರಿಸಬೇಕು. ಅವರೇ ರಜೆಯಲ್ಲಿದ್ದರೆ ಯಾರು ನೋಡುತ್ತಾರೆ ಎಂಬುದೂ ನಿಯಮದಲ್ಲಿರಲಿ. ಎರಡು ಕೆಲಸದ ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿದಂತೆ. ಇಲ್ಲ ಎನ್ನುವುದಾದರೆ ಕಾರಣ ಬರೆದೇ ತಿಳಿಸಬೇಕು. ಆ ಬರಹ ಏಕೆ ಬೇಕೆಂದು ಮುಂದಿನ ಸೂತ್ರದಲ್ಲಿ ಗೊತ್ತಾಗುತ್ತದೆ.

4. ಉಳಿಕೆ ರಜೆಯ ಲೆಕ್ಕವನ್ನು ಉದಾಹರಣೆ ಸಮೇತ ಬರೆಯಿರಿ. ಜಗಳವೆಲ್ಲ ಹುಟ್ಟುವುದು ಇಲ್ಲೇ. ರಾಜ್ಯದ ತಿದ್ದುಪಡಿಯ ನಂತರ ಮುಂದಿನ ವರ್ಷಕ್ಕೆ ಒಯ್ಯಬಹುದಾದ ಗಳಿಕೆ ರಜೆಯ ಮಿತಿ 30ರಿಂದ 45 ದಿನಕ್ಕೆ ಏರಿದೆ. ಒಬ್ಬ ಸರ್ವಿಸ್ ಹುಡುಗನ ಖಾತೆಯಲ್ಲಿ ಹಳೆಯದು 40 ದಿನ ಇದೆ. ಈ ವರ್ಷ 280 ದಿನ ದುಡಿದ, 14 ಸೇರಿತು. ಒಟ್ಟು 54. ತೆಗೆದುಕೊಂಡದ್ದು 6, ಉಳಿದದ್ದು 48. ಮಿತಿ ದಾಟಿದ್ದು 3 ದಿನ. ಆದರೆ ಜಾತ್ರೆಗೆಂದು ಅವನು 2 ದಿನ ಕೇಳಿದ್ದ, ಕೆಲಸವಿದೆಯೆಂದು ಕಂಪನಿಯೇ ನಿರಾಕರಿಸಿತ್ತು. ಆ 2 ದಿನವನ್ನು ಕತ್ತರಿಸುವುದು ಅನ್ಯಾಯ. ಕೇಳಿಯೂ ಕೊಡದ ರಜೆಗೆ ಮಿತಿ ಇಲ್ಲ ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನಿಮ್ಮ ನಿಯಮದಲ್ಲೂ ಅದನ್ನು ಸೇರಿಸಿ. ಆಗ ಅವನು 47 ದಿನ ಒಯ್ಯುತ್ತಾನೆ, 1 ದಿನಕ್ಕೆ ಹಣ ಕೊಡಬಹುದು. ನಿರಾಕರಿಸಿದ್ದು ಬರಹದಲ್ಲಿ ಇಲ್ಲದಿದ್ದರೆ ಈ 2 ದಿನವನ್ನು ಅವನು ಸಾಬೀತು ಮಾಡುವುದಾದರೂ ಹೇಗೆ? ಅಕ್ಟೋಬರ್‌ನಲ್ಲೇ ಪ್ರತಿಯೊಬ್ಬರಿಗೂ ಅವರವರ ಬಾಕಿಯನ್ನು ಚೀಟಿಯಲ್ಲಿ ಕೊಡಿ, ಡಿಸೆಂಬರ್ ಕೊನೆಯ ವಾರದ ನೂಕುನುಗ್ಗಲು ತಪ್ಪುತ್ತದೆ.

5. ಸಾವಿನ ರಜೆಯನ್ನು ಒಟ್ಟಿಗೇ ತೆಗೆದುಕೊಳ್ಳಿ ಎನ್ನಬೇಡಿ. ದೊಡ್ಡ ಕಂಪನಿಗಳ ಮಾದರಿ ನಕಲು ಮಾಡಿದವರು 'ಸತತ ಮೂರು ದಿನ' ಎಂದು ಬರೆದಿಡುತ್ತಾರೆ. ನಮ್ಮ ಕಡೆ ಮಣ್ಣು ಮಾಡುವ ದಿನ ಒಂದು, ಹಾಲು-ತುಪ್ಪ ಇನ್ನೊಂದು, ಹನ್ನೊಂದನೇ ದಿನದ ತಿಥಿ ಮತ್ತೊಂದು. ಎರಡು ವಾರದೊಳಗೆ ಬಿಡಿಬಿಡಿಯಾಗಿ ಬಳಸಬಹುದು ಎಂದರೆ ಅದೇ ಮೂರು ದಿನ ಸರಿಹೊಂದುತ್ತದೆ. ಯಾರ ಸಾವಿಗೆ ಎಂಬ ಪಟ್ಟಿಯಲ್ಲಿ ಅತ್ತೆ-ಮಾವ, ಅಜ್ಜ-ಅಜ್ಜಿಯರೂ ಇರಲಿ.

6. ಉಳಿದ ತೊಡಕುಗಳಿಗೆ ಒಂದೊಂದು ಸಾಲು ಸಾಕು. ಶನಿವಾರ, ಸೋಮವಾರ ರಜೆ ಹಾಕಿದರೆ ನಡುವಿನ ವಾರದ ರಜೆಯನ್ನು ಎಣಿಸಬಾರದು. ಗಳಿಕೆ ರಜೆಯಲ್ಲಿದ್ದಾಗ ಜ್ವರ ಬಂದರೆ ವೈದ್ಯರ ಚೀಟಿ ತೋರಿಸಿ ಕಾಯಿಲೆ ರಜೆಗೆ ಬದಲಿಸಿಕೊಳ್ಳಬಹುದು. ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನದೇ, ಅದನ್ನು ಯಾರ ಖಾತೆಯಿಂದಲೂ ಕಳೆಯಬೇಡಿ. ಕೆಲಸ ಬಿಟ್ಟು ಹೋಗುವವರಿಗೆ ಉಳಿದ ಗಳಿಕೆ ರಜೆಯ ಹಣವನ್ನು ಕೊನೆಯ ಸಂಬಳದ ಜೊತೆಗೇ ಚುಕ್ತಾ ಮಾಡಿ.