ಹೋಲಿಸುವ ಮಾದರಿ ಎಲ್ಲಿಂದ ಬಂತು?

ಗಾಂಧೀಜಿಯವರ ಪತ್ರ ಎಂದು ಹಳದಿಗಟ್ಟಿದ ಹಾಳೆಯೊಂದನ್ನು ತರುವ ದಲ್ಲಾಳಿ ಬರಿಗೈಯಲ್ಲಿ ಬರುವುದಿಲ್ಲ. ಜೊತೆಗೆ ಇನ್ನೊಂದು ಪತ್ರ ತಂದಿರುತ್ತಾನೆ. ‘ಇದು ಗ್ಯಾರಂಟಿ ಅಸಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ’ ಎನ್ನುತ್ತಾನೆ. ಅಕ್ಷರ ಹೊಂದುತ್ತದೆ, ಸಹಿ ಹೊಂದುತ್ತದೆ, ಹಣ ಕೈಬದಲಾಗುತ್ತದೆ. ಆ ಎರಡನೆಯ ಪತ್ರ ಅಸಲಿ ಎಂದು ಹೇಳಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾನೂನು ಕೇಳುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 72ನೇ ಕಲಂ (ಹಳೆಯ ಸಾಕ್ಷ್ಯ ಕಾಯ್ದೆಯ 73ನೇ ಕಲಂ) ಬರಹ, ಸಹಿ, ಮೊಹರು ಮೂರನ್ನೂ ಹೋಲಿಸಿ ನೋಡಲು ಅವಕಾಶ ಕೊಡುತ್ತದೆ. ಆದರೆ ಯಾವುದರೊಂದಿಗೆ ಹೋಲಿಸುತ್ತೇವೆಯೋ ಅದು ಆ ವ್ಯಕ್ತಿಯದೇ ಎಂದು ಎದುರಿನವರು ಒಪ್ಪಿರಬೇಕು, ಇಲ್ಲವೇ ನ್ಯಾಯಾಲಯಕ್ಕೆ ಮನವರಿಕೆಯಾಗುವಂತೆ ರುಜುವಾತಾಗಿರಬೇಕು.

ತಜ್ಞರಿಗೆ ತೋರಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು ಎಂಬುದಕ್ಕೆ 1983ರ ಜರ್ಮನಿಯ ಪ್ರಕರಣವೇ ಸಾಕ್ಷಿ. ‘ಸ್ಟರ್ನ್’ ಪತ್ರಿಕೆ ಹಿಟ್ಲರನ ಡೈರಿಗಳು ಸಿಕ್ಕಿವೆ ಎಂದು ಏಪ್ರಿಲ್‌ನಲ್ಲಿ ಘೋಷಿಸಿತು. ಹೆಸರುವಾಸಿ ಕೈಬರಹ ತಜ್ಞರು ಅಕ್ಷರ ಅವನದೇ ಎಂದಿದ್ದರು. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. ಹೋಲಿಸಲು ಕೊಟ್ಟ ಮಾದರಿಗಳಲ್ಲೂ ಕೆಲವನ್ನು ಬರೆದವನು ಡೈರಿ ಸೃಷ್ಟಿಸಿದ ಕೊನ್ರಾಡ್ ಕುಜೌ ಎಂಬವನೇ! ಒಂದೇ ಕೈಯ ಬರಹ ಹೊಂದದೆ ಇರುತ್ತದೆಯೇ? ಮೇ ತಿಂಗಳಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಆ ಡೈರಿಗಳು ನಕಲಿ ಎಂದಾಗ ಆಧಾರವಾದದ್ದು ಅಕ್ಷರವಲ್ಲ. ಯುದ್ಧದ ನಂತರವಷ್ಟೇ ಬಳಕೆಗೆ ಬಂದ, ಕಾಗದವನ್ನು ಬೆಳ್ಳಗಾಗಿಸುವ ರಾಸಾಯನಿಕ ಮತ್ತು ಹೊಲಿಗೆಯಲ್ಲಿದ್ದ ಪಾಲಿಯೆಸ್ಟರ್. ರಟ್ಟಿನ ಮೇಲೆ ‘ಎ.ಎಚ್.’ ಬದಲು ‘ಎಫ್.ಎಚ್.’ ಅಂಟಿಸಿದ್ದನ್ನೂ ಅಷ್ಟೊಂದು ಜನ ನೋಡಿ ಸುಮ್ಮನಿದ್ದರು.

ಹಾಗಾಗಿ ಮಾದರಿಯನ್ನು ಮಾರುವವನಿಂದ ತೆಗೆದುಕೊಳ್ಳಬೇಡಿ. ಪತ್ರಾಗಾರದಲ್ಲೋ ಆಶ್ರಮದ ಸಂಗ್ರಹದಲ್ಲೋ ದಾಖಲಾಗಿರುವ ಪತ್ರಗಳ ಒಳ್ಳೆಯ ಪ್ರತಿ ಪಡೆಯಿರಿ. ಅವು ಅದೇ ಭಾಷೆಯವು, ಸುಮಾರು ಅದೇ ವರ್ಷದವು ಆಗಿರಬೇಕು. ಗುಜರಾತಿ ಬರಹವನ್ನು ಇಂಗ್ಲಿಷ್ ಬರಹದ ಪಕ್ಕ ಇಟ್ಟು ಏನೂ ಹೇಳಲಾಗದು. ಇಷ್ಟಾದರೂ ಒಂದು ತೊಡಕಿದೆ. ಗಾಂಧೀಜಿ ಬಲಗೈ ಸೋತಾಗ ಎಡಗೈಯಲ್ಲಿ ಬರೆಯುತ್ತಿದ್ದರು. ಕಾರ್ಯದರ್ಶಿಗಳು ಬರೆದ ಪತ್ರಕ್ಕೆ ಸಹಿ ಮಾತ್ರ ಹಾಕಿದ್ದೂ ಉಂಟು. ಅಕ್ಷರ ಬೇರೆ ಎಂದ ಮಾತ್ರಕ್ಕೆ ಪತ್ರ ನಕಲಿಯಲ್ಲ. ಪಠ್ಯ ಅವರ ಸಮಗ್ರ ಕೃತಿಗಳಲ್ಲಿದೆ ಎಂದ ಮಾತ್ರಕ್ಕೆ ಹಾಳೆ ಅಸಲಿಯೂ ಅಲ್ಲ, ಏಕೆಂದರೆ ಖೋಟಾ ಮಾಡುವವನೂ ಆ ಸಂಪುಟ ನೋಡಿಯೇ ಬರೆಯುತ್ತಾನೆ. ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಓಘದಲ್ಲಿ ಬಿದ್ದ ಸಹಿಯ ಗೆರೆ ತುದಿಗೆ ಬರುತ್ತಾ ತೆಳುವಾಗುತ್ತದೆ. ತಿದ್ದಿ ಬರೆದದ್ದು ಒಂದೇ ದಪ್ಪವಿದ್ದು, ಸಣ್ಣಗೆ ನಡುಗಿ, ಮೊಂಡಾಗಿ ನಿಲ್ಲುತ್ತದೆ. ಗೊತ್ತಿರುವ ಇನ್ನೊಂದು ಸಹಿಯ ಮೇಲೆ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಖುಷಿಪಡಬೇಡಿ, ಯಾರೂ ಎರಡು ಸಲ ಅಷ್ಟು ಒಂದೇ ರೀತಿ ಸಹಿ ಹಾಕುವುದಿಲ್ಲ. ಹಳೆಯ ಮಡಿಕೆಯ ಮೇಲೆ ಶಾಯಿ ಒಡೆದ ನಾರಿನೊಳಗೆ ಹರಡಿದ್ದರೆ, ಮಡಿಸಿದ ನಂತರ ಬರೆದದ್ದು ಎಂದರ್ಥ. ಮೊಹರಿನ ಮೇಲಂತೂ ಅತಿ ಕಡಿಮೆ ಭರವಸೆ ಇಡಿ. ಅಚ್ಚು ಅಸಲಿಯೇ ಇರಬಹುದು, ಒತ್ತಿದ ಕೈ ಯಾರದೆಂದು ಅದು ಹೇಳುವುದಿಲ್ಲ. ಅರಗನ್ನು ಬಿಸಿ ಮಾಡಿ ಬಿಡಿಸಿ ಬೇರೆ ಹಾಳೆಗೆ ಅಂಟಿಸಲೂಬಹುದು.

‘ಮೂವತ್ತು ವರ್ಷಕ್ಕಿಂತ ಹಳೆಯ ದಾಖಲೆ, ರುಜುವಾತೇ ಬೇಡ’ ಎಂಬುದು ದಲ್ಲಾಳಿಗಳ ಮೆಚ್ಚಿನ ಅರ್ಧಸತ್ಯ. ಅದೇ ಸಾಕ್ಷ್ಯ ಅಧಿನಿಯಮದ 92ನೇ ಕಲಂ ಹೇಳುವುದು, ಅಂಥ ದಾಖಲೆ ಸಹಜವಾಗಿ ಇರಬೇಕಾದ ಕಡೆಯಿಂದಲೇ ಬಂದಿದ್ದರೆ ಸಹಿ, ಬರಹ ಆ ವ್ಯಕ್ತಿಯದೆಂದು ನ್ಯಾಯಾಲಯ ಭಾವಿಸಬಹುದು ಎಂದಷ್ಟೇ. ಭಾವಿಸಲೇಬೇಕು ಎಂದಲ್ಲ. ಪತ್ರ ಪಡೆದವರ ಮೊಮ್ಮಗಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೂ, ಯಾರದೋ ಚೀಲದಿಂದ ಇಳಿದದ್ದಕ್ಕೂ ಅಜಗಜಾಂತರ. ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು ಮಾರುವವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ರಸೀದಿಯಲ್ಲಿ ‘ಹಳೆಯ ಪತ್ರ ಒಂದು’ ಎಂದಿದ್ದರೆ ಒಪ್ಪಬೇಡಿ. ಇಂಥವರ ಸ್ವಹಸ್ತದ ಪತ್ರ ಎಂದೇ ಇರಬೇಕು. ನಾಳೆ ವಂಚನೆಯ ದೂರಿಗೂ ಗ್ರಾಹಕ ಆಯೋಗಕ್ಕೂ ಆ ಒಂದು ಸಾಲೇ ಆಧಾರ.

ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯ ಸಾಮಾನ್ಯವಾಗಿ ಪೊಲೀಸರು ಅಥವಾ ನ್ಯಾಯಾಲಯ ಕಳಿಸಿದ್ದನ್ನಷ್ಟೇ ಪರೀಕ್ಷಿಸುತ್ತದೆ. ಠಾಣೆಯಲ್ಲಿ ‘ಇದು ಸಿವಿಲ್ ವ್ಯವಹಾರ’ ಎಂದು ಸಾಗಹಾಕುವ ಚಾಳಿ ಇದೆ. ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಕೇಳಿ, ಕೊಡದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಗ್ರಾಹಕ ಆಯೋಗಕ್ಕೆ ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು. ತಡವಾದರೆ ಕಾರಣ ಒಪ್ಪಿಸಬೇಕಾಗುತ್ತದೆ. ಪರೀಕ್ಷೆ ಮುಗಿಯುವ ತನಕ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನಡಿ ಅಂಟಿಸಿದ ಹಾಳೆಯಲ್ಲಿ ಶಾಯಿ, ನಾರು, ಒತ್ತಿದ ಗುರುತು ಯಾವುದನ್ನೂ ತಜ್ಞ ಸರಿಯಾಗಿ ನೋಡಲಾರ. ನೆರಳಚ್ಚು ಪ್ರತಿಯ ಮೇಲಿನ ಅಭಿಪ್ರಾಯವನ್ನಂತೂ ಎದುರು ವಕೀಲರು ಪಾಟೀಸವಾಲಿನಲ್ಲಿ ಹರಿದುಹಾಕುತ್ತಾರೆ.